ರಿಪೋರ್ಟ್‌ನಾಗ 62% ಅಂತ ಐತಿ, ಖರ್ಚೂ ತಾಳೆ ಬೀಳತೈತಿ, ಸಹಿ ಹಾಕಬಹುದಾ? ಅನುಭವ ಇದ್ದವರು ಹೇಳ್ರಿ

ಹಾವೇರಿ_ಕಾಸ್ಟ್
ನಮಸ್ಕಾರ್ರಿ ಎಲ್ಲಾರಿಗೂ. ಹಾವೇರಿ ಹತ್ರ ಒಂದು ಹಾಸ್ಟೆಲ್ ಕಟ್ಟಡ, ನಮ್ಮ ಕಂಪನಿ ಬಜೆಟ್ 4.80 ಕೋಟಿ. ಈ ತಿಂಗಳ ರಿಪೋರ್ಟ್‌ನಾಗ 62% ಮುಗದೈತಿ, ಇಲ್ಲೀತನಕ ಖರ್ಚು 2.98 ಕೋಟಿ, ಸಿಪಿಐ, ಅಂದ್ರ ಮುಗದ ಕೆಲಸದ ಬಜೆಟ್ ಬೆಲಿನ್ನ ಖರ್ಚಿನಿಂದ ಭಾಗಿಸಿದ್ದು, 1.00 ಅಂತ ಬರದಾರ. ಸೋಮವಾರ ನಾ ಚೆಕ್ ಮಾಡಿ ಸಹಿ ಹಾಕಬೇಕು. ಈ ಎರಡು ಅಂಕಿ ಖರೆ ಅಂತ ಹೆಂಗ ನೋಡೂದು?

ಗದಗ_ಪೈಪ್‌ಲೈನ್
ನಂದು ಹೇಳ್ತೀನಿ ಕೇಳ್ರಿ, ಮೂರು ವರ್ಷಾತು ಇನ್ನೂ ಹೊಟ್ಟಿ ಉರೀತೈತಿ. ಗದಗ ಜಿಲ್ಲಾದಾಗ 10 ಕಿಲೋಮೀಟರ್ ಕುಡಿಯೂ ನೀರಿನ ಲೈನು, ಬಜೆಟ್ 2 ಕೋಟಿ. ರಿಪೋರ್ಟ್‌ನಾಗ 70% ಮುಗದೈತಿ, ಖರ್ಚು 1.38 ಕೋಟಿ ಅಂತಿತ್ತು. ಅಂದ್ರ 1.40 ಕೋಟಿ ಕೆಲಸ 1.38ರಾಗ ಮಾಡೀವಿ, ಎರಡು ಲಕ್ಷ ಉಳಸೀವಿ ಅಂತ ಲೆಕ್ಕ. ನಾ ಸಹಿ ಹಾಕಿದೆ. ಮುಂದಿನ ತಿಂಗಳು ಬಿಲ್ ಮ್ಯಾಲೆ ಬಿಲ್ ಬರಾಕ ಹತ್ತಿದ ಮ್ಯಾಲೆ ಎದಿ ಧಸಕ್ ಅಂತು.

ಆಮ್ಯಾಲೆ ಚೈನೇಜ್ ಶೀಟ್ ಹಿಡ್ಕೊಂಡು ಎರಡು ದಿನ ಲೈನಿನ ಗುಂಟ ನಡದೆ. 7 ಕಿಲೋಮೀಟರ್ ಪೈಪ್ ಇಳಿಸಿದ್ದು ಖರೆ, ಅದರಾಗ ಸುಳ್ಳಿಲ್ಲ. ಆದ್ರ ಮಣ್ಣು ಮುಚ್ಚಿದ್ದು 5.5, ಪ್ರೆಷರ್ ಟೆಸ್ಟ್ ಪಾಸಾಗಿದ್ದು ಬರೇ 3, ಅಗದ ರಸ್ತಾ ತಿರುಗಿ ಮಾಡಿದ್ದು 1 ಕಿಲೋಮೀಟರ್. ಸೂಪರ್‌ವೈಸರ್ ಪೈಪ್ ಕೆಳಗ ಇಳೀತಂದ್ರ ಮುಗೀತು ಅಂತ ಪೂರ್ತಿ ಎಣಿಸ್ಯಾನ. ನಮ್ಮ ಎಸ್ಟಿಮೇಟ್ ತಗದು ನೋಡಿದ್ರ ಪ್ರತಿ ಮೀಟರ್ ದುಡ್ಡಿನಾಗ ಪೈಪ್ ಮತ್ತ ಇಳಿಸೂದು 60, ಮುಚ್ಚೂದು 15, ಟೆಸ್ಟ್ 15, ರಸ್ತಾ 10 ಪಾಲು. ಅದರ ಪ್ರಕಾರ ಲೆಕ್ಕ ಹಾಕಿದ್ರ:

```
7 x 0.60 + 5.5 x 0.15 + 3 x 0.15 + 1 x 0.10 = 5.575 ಕಿ.ಮೀ
```

ಅಂದ್ರ 56% ಹತ್ರ. 70 ಎಲ್ಲಿ 56 ಎಲ್ಲಿ. 1.40 ಕೋಟಿ ಅಂದಿದ್ದ ಕೆಲಸ 1.115 ಕೋಟಿಗಿ ಬಂತು.

ಇನ್ನ ಖರ್ಚಿನ ಕಡೆ. 1.38ರಾಗ ಇನ್ನೂ ಇಳಿಸಲಾರದ 18 ಲಕ್ಷದ ಪೈಪ್ ಯಾರ್ಡಿನಾಗ ಬಿದ್ದಿತ್ತು, ಅದು ಮಾಡಿದ ಕೆಲಸದ ಖರ್ಚಲ್ಲ, ಅದನ್ನ ತಗದೆ. ಆದ್ರ ಅದಕ್ಕಿಂತ ದೊಡ್ಡದು, ಬರದ ಇದ್ದಿದ್ದಿಲ್ಲ. ಜೆಸಿಬಿ ಬಾಡಿಗಿ 9 ಲಕ್ಷ, ಬಿಲ್ ಬಂದಿದ್ದಿಲ್ಲ ಅಂತ ಬಿಟ್ಟಿದ್ರು. ಸಬ್ ಗುತ್ತಿಗೆದಾರಂದು ಒಂದು ತಿಂಗಳ ಕೆಲಸ 14 ಲಕ್ಷ, ಅಳತಿ ಆಗೇತಿ, ಬಿಲ್ ಪಾಸಾಗಿಲ್ಲ. ಅವಂದು ಹಿಡದಿಟ್ಟ ರಿಟೆನ್ಷನ್ 3 ಲಕ್ಷ, ಅಕೌಂಟ್ಸ್‌ದವರು ಕೈಯಿಂದ ಹೋಗಿದ್ದನ್ನಷ್ಟ ಬರದಿದ್ರು. 138-18+9+14+3, 146 ಲಕ್ಷ ಆತು. 111.5 ನ್ನ 146ರಿಂದ ಭಾಗಿಸ್ರಿ, 0.76. ರಿಪೋರ್ಟ್‌ನಾಗ 1.01 ಇತ್ತು!

ಆ ಜೆಸಿಬಿ 9 ಲಕ್ಷದ ಕಥಿ ಬ್ಯಾರೆ. ಗಾಡ್ಯಾಗಿನ ಅವರ್ ಮೀಟರ್ ತೋರಿಸೂದು ಒಂದು, ಟ್ರಿಪ್ ಶೀಟಿನ್ಯಾಗ ಬರದಿದ್ದು ಇನ್ನೊಂದು, 110 ತಾಸು ಫರಕ್. ಆ ಬಿಲ್ ತೀರಸಾಕ ನಾಕು ತಿಂಗಳ ಜಗಳ ಮಾಡೀನಿ.

ಧಾರವಾಡ_ಗುತ್ತಿಗೆ
ಇಷ್ಟೆಲ್ಲಾ ಯಾಕ ಬೇಕ್ರಿ. 26 ವರ್ಷದಿಂದ ಗುತ್ತಿಗೆ ಮಾಡ್ತೀನಿ, ನಾ ನೋಡೂದು ಒಂದ, ಎಂಬಿ. ಮೆಜರ್‌ಮೆಂಟ್ ಬುಕ್ಕಿನ್ಯಾಗ ಇಲಾಖೆ ಇಂಜಿನಿಯರ್ ಸಹಿ ಬಿದ್ದಿದ್ದ ಕೆಲಸ, ಉಳದಿದ್ದೆಲ್ಲಾ ಬಾಯಿ ಮಾತು. ಆರ್‌ಎ ಬಿಲ್, ಅಂದ್ರ ಕೆಲಸ ನಡೀವಾಗ ಹಾಕೂ ಬಿಲ್, ಎಷ್ಟು ಪಾಸಾಗೇತಿ ಅದನ್ನ ಟೆಂಡರ್ ಮೊತ್ತದಿಂದ ಭಾಗಿಸ್ರಿ, ಪರ್ಸೆಂಟ್ ಸಿಗತೈತಿ, ಮುಗೀತು. ಈ ಪಾಲು ಹಚ್ಚೂದು, 15, 10, ಎಲ್ಲಾ ಆಫೀಸಿನ್ಯಾಗ ಕುಂತವರು ಹುಟ್ಟಿಸಿದ್ದು. ನನ್ನ ಒಂದು ಬಿಲ್ಲೂ ಇವತ್ತಿನತನಕ ತಿರುಗಿ ಬಂದಿಲ್ಲ.

ಹುಬ್ಬಳ್ಳಿ_ಲೆಕ್ಕ
ಅಣ್ಣಾರ, ಎಂಬಿ ಅರ್ಧ ಮಾತು ಖರೆ ಅದ, ಪ್ರಮಾಣಕ್ಕ ಅದನ್ನ ಹಿಡೀಬೇಕು. ಎಷ್ಟು ಕ್ಯೂಬಿಕ್ ಮೀಟರ್ ಕಾಂಕ್ರೀಟ್, ಎಷ್ಟು ಚದರ ಮೀಟರ್ ಗೋಡಿ ಅನ್ನೂದಕ್ಕ ಅದಕ್ಕಿಂತ ಛಲೋ ದಾಖಲಿ ಇಲ್ಲ. ಆದ್ರ ಬಿಲ್ಲಿನ ರೊಕ್ಕ ಭಾಗಿಸಿ ಪರ್ಸೆಂಟ್ ತಗದ್ರ ನಾ ಒಪ್ಪೂದಿಲ್ಲ. ನಾವು ಒಂದು ಶಾಲಿ ಕಟ್ಟಡದಾಗ ಹಂಗ ಮಾಡೇ ಕೆಟ್ಟೀವಿ. ಟೆಂಡರ್ ಹಾಕುವಾಗ ಪಾಯದ ಐಟಂಗೆ ರೇಟ್ ಜಾಸ್ತಿ, ಫಿನಿಶಿಂಗ್‌ಗೆ ಕಡಿಮಿ ಬರದಿದ್ರು, ಶುರುವಿನ್ಯಾಗ ರೊಕ್ಕ ಕೈಗೆ ಬರ್ಲಿ ಅಂತ. ಬಿಲ್ ಪ್ರಕಾರ 55% ಮುಗದಂಗ ಕಾಣ್ತಿತ್ತು. ಅದೇ ಎಂಬಿ ಪ್ರಮಾಣಕ್ಕ ನಮ್ಮ ಬಜೆಟ್ ರೇಟ್ ಹಚ್ಚಿ ಗುಣಿಸಿದ್ರ 45%. ಮುಂದ ಟೈಲ್ಸ್, ಬಣ್ಣ, ಪ್ಲಂಬಿಂಗ್ ಬಂದಾಗ ಬಿಲ್ ಸಣ್ಣ, ಖರ್ಚು ದೊಡ್ಡದು. ಮಾಲಕರು ನನ್ನ ಕರದು ಇಷ್ಟು ದಿನ ಲಾಭ ತೋರಿಸಿ ಈಗ ಎಲ್ಲಿ ಹೋತವ್ವಾ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಗದಗದ ಅಣ್ಣಾರಿಗೂ ಒಂದು ಮಾತು. ಯಾರ್ಡಿನ್ಯಾಗಿನ ಪೈಪ್ ಖರ್ಚಿನಿಂದ ತಗದಿದ್ದು ಸರಿ, ಯಾಕಂದ್ರ ನಿಮ್ಮ 60 ಪಾಲು ಪೈಪ್ ಇಳಿದ ಮ್ಯಾಲೇ ಸಿಗೂದು. ಎಷ್ಟೋ ಕಡೆ ಮಾಲು ಸೈಟಿಗೆ ಬಂದ ಕೂಡ್ಲೆ ಕೆಲಸದ ಕಡೆನೂ ಸ್ವಲ್ಪ ಪಾಲು ಕೊಡ್ತಾರ, ಅಲ್ಲಿ ಖರ್ಚಿನಿಂದ ತಗದ್ರ ಸಿಪಿಐ ಸುಳ್ಳೇ ಮ್ಯಾಲ ಏರ್ತದ. ಎರಡೂ ಕಡೆ ಹಿಡೀಬೇಕು, ಇಲ್ಲಾ ಎರಡೂ ಕಡೆ ಬಿಡಬೇಕು. ಜಿಎಸ್‌ಟಿನೂ ಹಂಗ. ನಮ್ಮಲ್ಲಿ ಬಜೆಟ್ ಜಿಎಸ್‌ಟಿ ಬಿಟ್ಟು ಮಾಡಿದ್ದು, ಹೊಸ ಹುಡುಗ 40 ಲಕ್ಷದ ಸ್ಟೀಲ್ ಬಿಲ್ 18% ಕೂಡಿಸಿ ಖರ್ಚಿಗೆ ಹಾಕಿದ್ದ, 7.20 ಲಕ್ಷ ಸುಮ್ನ ಹೆಚ್ಚಾತು. ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರೂ ರೊಕ್ಕ.

ಧಾರವಾಡ_ಗುತ್ತಿಗೆ
ಪಾಯಕ್ಕ ರೇಟ್ ಜಾಸ್ತಿ ಹಾಕೂದು ತಪ್ಪಂತ ಹೇಳಾಕ ಹತ್ತೀರೇನು? ಬಿಲ್ ಪಾಸಾಗಾಕ ಮೂರು ತಿಂಗಳು ಹಿಡಿದ್ರ ಲೇಬರಿಗೆ ಶನಿವಾರ ಪಗಾರ ಯಾರು ಕೊಡ್ತಾರ, ನಿಮ್ಮ ಸಿಪಿಐ ಕೊಡತೈತೇನು? ಎರಿ ಮಣ್ಣಿನ್ಯಾಗ ಮಳಿ ಹಿಡೀತಂದ್ರ ಅಗದ ಪಾಯ ಎರಡು ಸಲ ತಿರುಗಿ ಅಗೀಬೇಕು, ಅದನ್ನ ಅಕೌಂಟ್ಸ್ ಮಂದಿ ಒಂದು ಸಲಾ ಬಂದು ನೋಡಿಲ್ಲ.

ಹುಬ್ಬಳ್ಳಿ_ಲೆಕ್ಕ
ರೇಟ್ ತಪ್ಪು ಅಂತ ನಾ ಎಲ್ಲೂ ಅಂದಿಲ್ಲ, ಆ ರೇಟಿನಿಂದ ಪರ್ಸೆಂಟ್ ತಗೀಬ್ಯಾಡ್ರಿ ಅಂದೀನಿ. ಮತ್ತ ನಾ ಸೈಟಿಗೆ ಹೋಗೀನ್ರೀ, ನವಲಗುಂದ ರಸ್ತಾದಾಗ ಗಾಡಿ ಹುಗದು ಮೂರು ತಾಸು ನಿಂತೀನಿ. ಎರಡನೇ ಸಲ ಅಗದಿದ್ದು ಖರ್ಚಿಗೆ ಬರ್ತದ, ಮುಗದ ಕೆಲಸಕ್ಕ ಮತ್ತೊಂದು ಸಲ ಬರೂದಿಲ್ಲ. ಅದಕ್ಕ ಸಿಪಿಐ ಇಳೀಬೇಕು, ಇಳೀಲಿಲ್ಲಂದ್ರ ಯಾರೋ ಮುಚ್ಚಿಟ್ಟಾರ ಅಂತ ಅರ್ಥ.

ಕೋಡ್_ನವನಗರ
ಸಾಫ್ಟ್‌ವೇರ್ ಕಡೆನೂ ಇದೇ ಹಣೆಬರಹ. ನಾನು ಹುಬ್ಬಳ್ಳಿನಲ್ಲಿ ಒಂದು ಪ್ರಾಜೆಕ್ಟ್ ನೋಡ್ಕೋತಿದ್ದೆ, ಒಂದೇ ಮಾಡ್ಯೂಲ್ ಮೂರು ತಿಂಗಳು 90% ಅಂತ ನಿಂತಿತ್ತು, ವಾರಾ ಕೇಳಿದ್ರೂ ಇನ್ನು ಸ್ವಲ್ಪ ಸರ್ ಅನ್ನೋರು. ಕೊನೆಗೆ ಪರ್ಸೆಂಟ್ ಕೇಳೋದೇ ಬಿಟ್ಟು ಕೆಲಸ ಸಣ್ಣ ಸಣ್ಣ ತುಂಡು ಮಾಡಿದ್ವಿ, ಟೆಸ್ಟ್ ಪಾಸಾದ್ರೆ 100, ಇಲ್ಲಾಂದ್ರೆ ಸೊನ್ನೆ. ಮೊದಲನೇ ವಾರ ಟೋಟಲ್ 78ರಿಂದ 51ಕ್ಕೆ ಬಿತ್ತು, ಮ್ಯಾನೇಜರ್ ನನ್ನ ಮೇಲೇ ಕೂಗಾಡಿದ್ರು.

ನೀವು ಯಾವ ಟೂಲ್ ಅಂತ ಹೇಳಿಲ್ಲ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಆದ್ರೆ ಇದೊಂದು ನೋಡಿ: ಅದರಲ್ಲಿರೋ `% Complete` ಕಾಲ ಎಷ್ಟು ಕಳೀತು ಅನ್ನೋದರ ಮೇಲೆ ನಡೆಯುತ್ತೆ. 20 ದಿನದ ಕೆಲಸದಲ್ಲಿ 10 ದಿನ ಆಯ್ತು ಅಂತ ಹಾಕಿದ್ರೆ 50, ಗೋಡೆ ಒಂದು ಅಡಿ ಎದ್ದಿರ್ಲಿ ಬಿಡ್ಲಿ. ಅಳತೆ ಮಾಡಿ ಹಾಕೋಕೆ `Physical % Complete` ಅಂತ ಬೇರೆ ಕಾಲಂ ಇದೆ, ಆದ್ರೆ ಟಾಸ್ಕಿನ ಸೆಟ್ಟಿಂಗ್‌ನಲ್ಲಿ ಅದನ್ನ ಆರಿಸದಿದ್ರೆ ಲೆಕ್ಕ ಮೊದಲನೆಯದರ ಮೇಲೇ ಹೋಗುತ್ತೆ. `Status date` ಹಾಕದಿದ್ರೆ ಇವತ್ತಿನ ತಾರೀಖು ಹಿಡಿಯುತ್ತೆ, ನಿಮ್ಮ ಖರ್ಚು ಹೋದ ತಿಂಗಳ ಕೊನೆಯದು ಇರುತ್ತೆ.

ಧಾರವಾಡ_ಗುತ್ತಿಗೆ
ಹಾಸ್ಟೆಲ್ ಕೇಳಿದ್ರ ಕಂಪ್ಯೂಟರ್ ಹೇಳಾಕ ಹತ್ಯಾನ. ಮತ್ತ ಗದಗದವರ, 0.76 ಬಂತಂದ್ರಲ್ಲ, ಆ ಲೈನು ಕೊನಿಗೆ ಎಷ್ಟಕ್ಕ ಮುಗೀತು, ಅದನ್ನೂ ಹೇಳ್ರಿ.

ಗದಗ_ಪೈಪ್‌ಲೈನ್
2.41 ಕೋಟಿ. 2 ಕೋಟಿನ್ನ 0.764ರಿಂದ ಭಾಗಿಸಿದಾಗ 2.62 ಬಂದಿತ್ತು, ಅಷ್ಟಾಗಲಿಲ್ಲ.

ಧಾರವಾಡ_ಗುತ್ತಿಗೆ
ನೋಡ್ರಿ! 21 ಲಕ್ಷ ಫರಕ್. ನಿಮ್ಮ ಲೆಕ್ಕಾನೂ ಸುಳ್ಳಾತಲ್ಲ.

ಗದಗ_ಪೈಪ್‌ಲೈನ್
ಸುಳ್ಳಲ್ರೀ. ಮೊದಲಿನ 4 ಕಿಲೋಮೀಟರ್ ಗಟ್ಟಿ ಕಲ್ಲು, ಬ್ರೇಕರ್ ಹಚ್ಚಿ ಒಡದೀವಿ, ಉಳದಿದ್ದು ಮೆತ್ತನ್ನ ಮಣ್ಣು. ಹಿಂದಿನ ನಷ್ಟ ಮುಂದನೂ ಹಂಗ ನಡೀತೈತಿ ಅಂತ ಆ ಭಾಗಾಕಾರ ಹಿಡೀತೈತಿ, ನಡೀಲಿಲ್ಲ. ಆದ್ರ 41 ಲಕ್ಷ ಮ್ಯಾಲ ಹೋಗಿದ್ದು ಖರೆ ಅಲ್ಲೇನು? ರಿಪೋರ್ಟ್ ಎರಡು ಲಕ್ಷ ಉಳಿಕಿ ಅಂತ ಹೇಳ್ತಿತ್ತು. ಸಬ್ ಗುತ್ತಿಗೆದಾರನ ರೇಟ್ ತಿರುಗಿ ಮಾತಾಡಾಕ ನನಗ ಅವಾಗ ಟೈಮ್ ಇತ್ತು, ಎರಡು ತಿಂಗಳು ತಡಾ ಗೊತ್ತಾಗಿ ಆ ಟೈಮ್ ಹೋತು.

ಹುಬ್ಬಳ್ಳಿ_ಲೆಕ್ಕ
ಕೇಳಿದ ತಂಗಿದು ಯಾರೂ ನೋಡ್ಲಿಲ್ಲ. 2.98 ನ್ನ 4.80ರಿಂದ ಭಾಗಿಸ್ರಿ, 62.08 ಬರ್ತದ. ಖರ್ಚಿನ ಪರ್ಸೆಂಟೂ 62, ಕೆಲಸದ ಪರ್ಸೆಂಟೂ 62. ತಂಗೀ, ಹಿಂದಿನ ನಾಕು ತಿಂಗಳ ರಿಪೋರ್ಟ್ ತಗದು ಸಿಪಿಐ ನೋಡು. ಎಲ್ಲಾದ್ರಾಗೂ 1.00 ಇದ್ರ ಕೆಲಸ ಯಾರೂ ಅಳದಿಲ್ಲ, ಖರ್ಚನ್ನ ಬಜೆಟ್‌ನಿಂದ ಭಾಗಿಸಿ ಅದನ್ನ ಕೆಲಸ ಅಂತ ಬರದಾರ. ಎಕ್ಸೆಲ್ ಫೈಲ್ ಕೇಳು, ಪಿಡಿಎಫ್ ತಗೋಬ್ಯಾಡ. ಪರ್ಸೆಂಟ್ ಇರೂ ಸೆಲ್ ಮ್ಯಾಲ ಒತ್ತಿ ನೋಡು.

ಹಾವೇರಿ_ಕಾಸ್ಟ್
ಅಕ್ಕಾರ, ಒತ್ತಿ ನೋಡಿದೆ. `=F9/C9` ಅಂತ ಐತಿ. F ಕಾಲಂ ಖರ್ಚು, C ಬಜೆಟ್. ಎಲ್ಲಾ ಸಾಲಿನ್ಯಾಗೂ ಹಂಗ ಐತಿ, ಐದು ತಿಂಗಳಿಂದ ಸಿಪಿಐ 1.00.

ಇವತ್ತ ಮಧ್ಯಾಹ್ನ ಸೈಟಿಗೆ ಹೋಗಿ ಎರಡನೇ ಮಹಡಿ ಪ್ಲಾಸ್ಟರ್ ಅಷ್ಟ ಅಳದೆ. ರಿಪೋರ್ಟ್ ಪ್ರಕಾರ 80%, ನಾ ಅಳದಿದ್ದು 640 ಚದರ ಮೀಟರ್, ಆಗಬೇಕಾದ್ದು 1,150. ಅಂದ್ರ 56. ಸೋಮವಾರದೊಳಗ ಎಲ್ಲಾ ಅಳಿಯಾಕ ಆಗೂದಿಲ್ಲ, ಬಜೆಟ್ ದೊಡ್ಡದಿರೂ ಐದು ಐಟಂ ಅಳೀತೀನಿ. ಪ್ಲಾನಿಂಗ್ ಸಾಹೇಬ್ರಿಗೆ ಫೋನ್ ಮಾಡಿದ್ರ ಮೊದ್ಲಿಂದ ಹಂಗ ನಡದೈತಿ, ನೀ ಯಾಕ ಈಗ ತಗೀತಿ ಅಂದ್ರು. ಅಳದಷ್ಟಕ್ಕ ಸಹಿ ಹಾಕಿ ಉಳದಿದ್ದು ಅಳದಿಲ್ಲ ಅಂತ ಬರದ್ರ ನಡೀತೈತ್ಯಾ?

ಗದಗ_ಪೈಪ್‌ಲೈನ್
ಬರೀರಿ. ಯಾವ ಐಟಂ, ಯಾವ ತಾರೀಖು, ಯಾರ ಎದುರಿಗೆ ಅಳದ್ರಿ ಅನ್ನೂದನ್ನೂ ಕೆಳಗ ಬರೀರಿ, ಫೋಟೋ ಇಟ್ಕೋರಿ. ನಾ ಅದನ್ನ ಮಾಡಿದ್ದಿಲ್ಲ.

ಧಾರವಾಡ_ಗುತ್ತಿಗೆ
ಅರ್ಧಾ ಅಳದ ರಿಪೋರ್ಟ್ ಯಾವ ಮಾಲಕ ತಗೋತಾನ? ನಾ ಆಗಿದ್ರ ತಿರುಗಿ ಕಳಸ್ತಿದ್ದೆ. ಪ್ಲಾಸ್ಟರ್ ಅಳತಿಯೊಳಗ ಕಿಟಕಿ ಬಾಗಲಾ ಕಳದೀಯೇನವಾ, ಅದನ್ನ ಮೊದಲ ಹೇಳು.

ಹಾವೇರಿ_ಕಾಸ್ಟ್
640ರಾಗ ಕಳದೀನ್ರಿ. 1,150ರಾಗ ಅವರು ಕಳದಾರೋ ಇಲ್ಲೋ ನಾಳೆ ಡ್ರಾಯಿಂಗ್ ತಗದು ನೋಡ್ತೀನಿ.