ನೆಲದ ಸ್ಲ್ಯಾಬ್: ನಾಲ್ಕು ಮೆಶ್ ಶೀಟ್ ಸೇರುವ ಜಾಗದಲ್ಲಿ ತಂತಿ ಮೇಲೆದ್ದು ದಾರಕ್ಕೆ ತಾಗುತ್ತಿದೆ

ಹೊಸಗೂಡು
ನೆಲಮಹಡಿಯ ಒಂದು ಕೋಣೆಗೆ ಕಾಂಕ್ರೀಟ್ ಹಾಕಬೇಕು. ಒಳ ಅಳತೆ 6.3 ಮೀಟರ್ ಉದ್ದ, 4.4 ಮೀಟರ್ ಅಗಲ. ಸ್ಲ್ಯಾಬ್ ದಪ್ಪ 100 ಮಿಮೀ. ಕೆಳಗೆ ದಮ್ಮಸ್ಸು ಮಾಡಿದ ಜಲ್ಲಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೆ.

ಮೆಶ್ 6 ಮಿಮೀ ತಂತಿಯದು, 200 ಮಿಮೀ ಚೌಕ. ಶೀಟ್ ಅಳತೆ 4.8 × 2.4 ಮೀಟರ್. ಮೂರು ತಂದಿದ್ದೆ. ಎರಡನ್ನು ಕೋಣೆಯ ಉದ್ದಕ್ಕೆ ಅಕ್ಕಪಕ್ಕ ಹಾಸಿದೆವು. ಮೂರನೆಯದನ್ನು 1.6 ಮೀಟರಿನ ಮೂರು ತುಂಡು ಮಾಡಿ, ಎರಡನ್ನು ಆ ಕೊನೆಗೆ ಜೋಡಿಸಿದೆವು. ಅಲ್ಲಿ ಒಂದರ ಮೇಲೊಂದು ಬರುವ ಲ್ಯಾಪ್ 200 ಮಿಮೀ, "ಒಂದು ಚೌಕ ಸಾಕು" ಅಂದರು ಮೇಸ್ತ್ರಿ. ಪಕ್ಕದ ಲ್ಯಾಪ್ 500 ಬಂದಿದೆ. ಎಲ್ಲದರ ಕೆಳಗೂ 50 ಮಿಮೀ ಕವರ್ ಬ್ಲಾಕ್ ಇದೆ.

ಸ್ಲ್ಯಾಬಿನ ಮೇಲ್ಮಟ್ಟಕ್ಕೆ ದಾರ ಎಳೆದು ನೋಡಿದರೆ ಬೇರೆ ಕಡೆ ಎಲ್ಲ ಸರಿ. ನಾಲ್ಕು ಶೀಟ್ ಒಂದರ ಮೇಲೊಂದು ಬರುವ ಜಾಗದಲ್ಲಿ ಮಾತ್ರ ಮೇಲಿನ ತಂತಿ ದಾರಕ್ಕೆ ಹೆಚ್ಚುಕಡಿಮೆ ತಾಗುತ್ತಿದೆ. ಅಲ್ಲಿ ಚಿಕ್ಕ ಬ್ಲಾಕ್ ಇಟ್ಟರೆ ಆಗುತ್ತದಾ? ಮೂರು ದಿನದಲ್ಲಿ ಕಾಂಕ್ರೀಟ್ ಬರುತ್ತದೆ.

ಗಾರೆಬಾಂಡ್ಲಿ
ಅಲ್ಲಿ ಮಾತ್ರ ಯಾಕೆ, ಎಲ್ಲ ಕಡೆ 25ರ ಬ್ಲಾಕ್ ಇಡಿ. ಕಬ್ಬಿಣ ಕೆಳಗೇ ಇರಬೇಕು, ಮೇಲ್ಛಾವಣಿಗೂ ಹಾಗೇ ಅಲ್ವಾ ಹಾಕೋದು. ಒಂದು ಚೌಕ ಲ್ಯಾಪ್ ಧಾರಾಳ ಆಯಿತು. ಶೀಟ್ ತುದಿಗಳು ಪ್ಲಾಸ್ಟಿಕ್ ಹರಿಯದ ಹಾಗೆ ನೋಡಿಕೊಳ್ಳಿ, ತೂತು ಬಿದ್ದರೆ ತೇವ ಮೇಲೆ ಬರುತ್ತದೆ.

ಬಿರುಕುಗೋಡೆ
ನನ್ನದೂ ಇದೇ ಕಥೆ. ನಮಗೆ ಬ್ಲಾಕ್ ಇಡಲೇ ಇಲ್ಲ. ಮೆಶ್ ನೆಲಕ್ಕೆ ಹಾಸಿ, ಕಾಂಕ್ರೀಟ್ ಸುರಿಯುತ್ತಾ ಕೊಕ್ಕೆಯಲ್ಲಿ ಮೇಲಕ್ಕೆ ಎಳೀತೀವಿ ಅಂದರು. ಎಳೆದರು ಕೂಡ, ನಾನೇ ನೋಡಿದೆ. ಆಮೇಲೆ ಅದರ ಮೇಲೇ ನಡೆದಾಡಿದರು. ಕೆಲವು ತಿಂಗಳಲ್ಲಿ ಅಡ್ಡಕ್ಕೆ ಬಿರುಕು ಬಂತು. ಪೈಪಿಗೆ ಅಂತ ಒಂದು ಕಡೆ ಒಡೆಸಿದಾಗ ನೋಡಿದರೆ ಮೆಶ್ ಪ್ಲಾಸ್ಟಿಕ್ ಮೇಲೇ ಮಲಗಿದೆ, ಕೆಳಗೆ ಸಿಮೆಂಟ್ ಹಾಲು ಕೂಡ ಇಳಿದಿಲ್ಲ. ನೀವು ಬ್ಲಾಕ್ ಇಟ್ಟಿದ್ದೀರಲ್ಲ, ಸುಮ್ನೆ ಕಾಂಕ್ರೀಟ್ ಹಾಕಿಸಿ. ಬಿರುಕು ತುಂಬೋಕೆ ಯಾವ ಪುಡಿ ಒಳ್ಳೇದು ಅಂತ ಯಾರಿಗಾದರೂ ಗೊತ್ತಾ?

ತಂತಿಬಲೆ
@ಹೊಸಗೂಡು, ಬ್ಲಾಕ್ ಬದಲಿಸುವ ಮುಂಚೆ ಲೆಕ್ಕ ನೋಡಿ. ಒಂದು ಶೀಟಿನಲ್ಲಿ ತಂತಿ ಒಂದರ ಮೇಲೊಂದು, ಅಂದರೆ 12 ಮಿಮೀ. ನಾಲ್ಕು ಶೀಟಿಗೆ 48. ಕೆಳಗಿನ 50 ಸೇರಿ 98. ನಿಮ್ಮ ಸ್ಲ್ಯಾಬ್ ಇರುವುದೇ 100. ದಾರ ತಾಗದೆ ಇನ್ನೇನು ಆಗುತ್ತದೆ! ಅಲ್ಲಿ ಚಿಕ್ಕ ಬ್ಲಾಕ್ ಇಟ್ಟರೂ ಸುತ್ತಲಿನ ಶೀಟ್ ಅದನ್ನು ಎತ್ತಿ ಹಿಡಿಯುತ್ತದೆ. ತುಳಿದು ಇಳಿಸಿದರೆ ಕಾಲು ತೆಗೆದ ತಕ್ಷಣ ಮತ್ತೆ ಏಳುತ್ತದೆ.

ನನಗೆ ಹೆಚ್ಚು ಚಿಂತೆ ಆ 200ರ ಲ್ಯಾಪ್ ಬಗ್ಗೆ. ನಿಮ್ಮ ಶೀಟಿನ ಅಂಚಿನಲ್ಲಿ ಕೊನೆಯ ಅಡ್ಡ ತಂತಿ ಆದಮೇಲೆ ಸುಮಾರು 100 ಮಿಮೀ ತುದಿ ಚಾಚಿಕೊಂಡಿರುತ್ತದೆ. ಹೋಗಿ ನೋಡಿ. ತುದಿಯಿಂದ ತುದಿಗೆ 200 ಅಂದರೆ ಎರಡು ಶೀಟಿನ ಕೊನೆಯ ಅಡ್ಡ ತಂತಿಗಳು ಒಂದೇ ಗೆರೆಯ ಮೇಲೆ ಕೂತಿರುತ್ತವೆ. ಮೆಶ್ ಕಾಂಕ್ರೀಟನ್ನು ಹಿಡಿಯುವುದು ಬೆಸುಗೆಯಾದ ಆ ಅಡ್ಡ ತಂತಿಯಿಂದ, ಅದರಲ್ಲೂ ನುಣುಪು ತಂತಿಯಾದರೆ. ಹಾಗಾಗಿ ಲ್ಯಾಪನ್ನು ತುದಿಯಿಂದ ಅಳೆಯಬೇಡಿ. ಎರಡು ಶೀಟಿನ ಕೊನೆಯ ಅಡ್ಡ ತಂತಿಗಳ ನಡುವೆ ಅಳೆಯಿರಿ. ಒಂದು ಚೌಕ ಮತ್ತು ಮೇಲೆ 50, ಅಂದರೆ ನಿಮಗೆ 250 ಬರಬೇಕು. ತುದಿಯಿಂದ ತುದಿಗೆ ಅದು 450 ಆಗುತ್ತದೆ. ಈಗ ನಿಮ್ಮಲ್ಲಿರುವುದು ಸೊನ್ನೆ. ಮೇಸ್ತ್ರಿ ಹೇಳಿದ "ಒಂದು ಚೌಕ" ಪೂರ್ತಿ ತಪ್ಪಲ್ಲ, ಅಳೆದ ಜಾಗ ತಪ್ಪು.

ಹೊಸಗೂಡು
ಹೋಗಿ ನೋಡಿದೆ. ಹೌದು ಸರ್, ಎರಡು ಅಡ್ಡ ತಂತಿ ಒಂದರ ಮೇಲೊಂದು ಕೂತಿವೆ. ಆದರೆ 450 ಲ್ಯಾಪ್ ಕೊಡಲು ನನ್ನ ತುಂಡುಗಳು ಸಾಲುವುದಿಲ್ಲ. 1.85 ಮೀಟರ್ ಬೇಕು, ಇರುವುದು 1.6. ಉಳಿದ ತುಂಡನ್ನು ಆ ಜೋಡಣೆಯ ಮೇಲೆ ತೇಪೆಯಂತೆ ಹಾಕಲಾ?

ತಂತಿಬಲೆ
ತೇಪೆ ಹಾಕಿದರೆ ನಡುವೆ ಇನ್ನೂ ಒಂದು ಪದರ ಏಳುತ್ತದೆ. ಬೇಡ. ಇನ್ನೊಂದು ಶೀಟ್ ತನ್ನಿ, ಮತ್ತು ಎಲ್ಲವನ್ನೂ ಅಡ್ಡಕ್ಕೆ ತಿರುಗಿಸಿ.

ಗೋಡೆಗೆ ಎರಡೂ ಕಡೆ 50 ಬಿಟ್ಟರೆ ಮೆಶ್ ಬೇಕಿರುವುದು 6.2 × 4.3ಕ್ಕೆ. ಶೀಟಿನ ಉದ್ದವನ್ನು ಕೋಣೆಯ ಅಗಲಕ್ಕೆ ಹಾಕಿ. 4.8ರಲ್ಲಿ 0.5 ಕತ್ತರಿಸಿದರೆ 4.3. ಕೋಣೆಯ ಉದ್ದಕ್ಕೆ 2.4ರ ಮೂರು ಶೀಟ್, ಒಟ್ಟು 7.2. ಅದರಲ್ಲಿ 6.2 ಕಳೆದರೆ ಒಂದು ಮೀಟರ್ ಉಳಿಯುತ್ತದೆ, ಎರಡು ಲ್ಯಾಪಿಗೆ 500ರಂತೆ. ತುದಿಯ ಜೋಡಣೆಯೇ ಇಲ್ಲ, ನಾಲ್ಕು ಮೂಲೆ ಸೇರುವ ಜಾಗವೂ ಇಲ್ಲ. ಎಲ್ಲೂ ಎರಡು ಪದರಕ್ಕಿಂತ ಜಾಸ್ತಿ ಬರುವುದಿಲ್ಲ. ಕತ್ತರಿಸುವ ಮುಂಚೆ ಒಂದು ಕಾಗದದ ಮೇಲೆ ಬರೆದಿದ್ದರೆ ತಂದ ಮೂರೇ ಸಾಕಾಗುತ್ತಿತ್ತು, ಬಿಡಿ.

ಇನ್ನೊಂದು ಉಪಾಯ. ಮೊದಲನೆಯದು ಮತ್ತು ಮೂರನೆಯದನ್ನು ಗಿಡ್ಡ ತಂತಿ ಮೇಲೆ ಬರುವಂತೆ ಹಾಸಿ. ನಡುವಿನದನ್ನು ಮಗುಚಿ, ಗಿಡ್ಡ ತಂತಿ ಕೆಳಗೆ ಬರುವಂತೆ ಅವುಗಳ ಮೇಲೆ ಇಡಿ. ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಎರಡೂ ಶೀಟಿನ ಗಿಡ್ಡ ತಂತಿಗಳು ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಕೂರುತ್ತವೆ. ಲ್ಯಾಪಿನ ದಪ್ಪ 24ರ ಬದಲು 18. ಬೈಂಡಿಂಗ್ ವೈರಿನಲ್ಲಿ ಕಟ್ಟಿ. ಅಲ್ಲಿ ಮೇಲೆ 32 ಮಿಮೀ ಕಾಂಕ್ರೀಟ್ ಸಿಗುತ್ತದೆ, ಉಳಿದ ಕಡೆ 38.

@ಗಾರೆಬಾಂಡ್ಲಿ, ಪ್ಲಾಸ್ಟಿಕ್ ಮಾತು ಸರಿ. ಆದರೆ ಛಾವಣಿ ಗೋಡೆಯಿಂದ ಗೋಡೆಗೆ ತೂಗಾಡುತ್ತದೆ, ಹಾಗಾಗಿ ಎಳೆತ ಅದರ ತಳಭಾಗದಲ್ಲಿ. ಇದು ಪೂರ್ತಿ ನೆಲದ ಮೇಲೆ ಕೂತಿದೆ. ಮೇಲಿನಿಂದ ಒಣಗುತ್ತದೆ, ಕುಗ್ಗುವ ಬಿರುಕೂ ಮೇಲಿನಿಂದಲೇ ಶುರು. ಅದನ್ನು ಬಾಯಿ ಬಿಡದಂತೆ ಹಿಡಿಯುವುದಷ್ಟೇ ಈ ಮೆಶ್ ಕೆಲಸ. 25ಕ್ಕೆ ಇಳಿಸಿದರೆ ಬಿರುಕಿನಿಂದ ದೂರ ಹೋಗುತ್ತದೆ. 50ರಲ್ಲೇ ಇರಲಿ.

ಗಾರೆಬಾಂಡ್ಲಿ
ಕೆಳಗಿನ ಮಣ್ಣು ಕುಸಿದರೆ? ಆಗ ಛಾವಣಿಯ ಹಾಗೇ ತೂಗಾಡುತ್ತೆ. ಇಂಥ ನೆಲ ನಾನು ನೋಡಿದ್ದೇನೆ.

ತಂತಿಬಲೆ
ಆ ಮಾತು ಒಪ್ಪುತ್ತೇನೆ. ಆಳವಾಗಿ ಮಣ್ಣು ತುಂಬಿಸಿದ ನೆಲವಾದರೆ, ಅಥವಾ ಸ್ಲ್ಯಾಬ್ ಮೇಲೆ ಗೋಡೆ ಕಟ್ಟುವುದಾದರೆ, ಈ ಮೆಶ್ ನಂಬಿ ಕೂರುವಂತಿಲ್ಲ. ಅದನ್ನು ಎಂಜಿನಿಯರ್ ನೋಡಬೇಕು.

ಹೊಸಗೂಡು
ತುಂಬಿಸಿದ ನೆಲ ಅಲ್ಲ, ಮೇಲೆ ಗೋಡೆಯೂ ಇಲ್ಲ. ಬ್ಲಾಕ್ ಎಷ್ಟು ದೂರಕ್ಕೆ? ಈಗ ಒಂದೂವರೆ ಮೀಟರಿಗೆ ಒಂದು ಇದೆ. ಕೆಲವು ಕಡೆ ಇಟ್ಟಿಗೆ ಚೂರು ಇಟ್ಟಿದ್ದಾರೆ.

ತಂತಿಬಲೆ
6 ಮಿಮೀ ತಂತಿಗೆ ಅದು ತುಂಬ ದೂರ. ನಡುವೆ ನಿಂತು ನೋಡಿ, ಕಾಲಡಿಯಲ್ಲಿ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ನಾಲ್ಕು ಚೌಕಕ್ಕೊಂದು, ಅಂದರೆ 800 ಮಿಮೀಗೆ ಒಂದು ಇಡಿ. ಅಂಚು ಸೇರಿ ಉದ್ದಕ್ಕೆ 9, ಅಗಲಕ್ಕೆ 7. ಹತ್ತಿರ ಹತ್ತಿರ 65 ಬೇಕು. ಲ್ಯಾಪಿನ ಕೆಳಗೆ ತಪ್ಪಿಸಬೇಡಿ. ಇಟ್ಟಿಗೆ ಚೂರು ತೆಗೆಸಿ, ಅದು ನೀರು ಹೀರುತ್ತದೆ, ಕಾಂಕ್ರೀಟ್ ಬೀಳುವಾಗ ಒಡೆಯುತ್ತದೆ. ತಳ ಚಪ್ಪಟೆ ಇರುವ ಬ್ಲಾಕ್ ಆದರೆ ಪ್ಲಾಸ್ಟಿಕ್ ತೂತಾಗುವುದಿಲ್ಲ.

ಹೊಸಗೂಡು
ಶೀಟ್ ಬಂತು, ಅಡ್ಡಕ್ಕೆ ಹಾಸಿದೆವು. ಲ್ಯಾಪ್ ಮೇಲೆ ದಾರದಿಂದ 30 ಕೆಲವು ಕಡೆ, 34 ಕೆಲವು ಕಡೆ. ನಿಂತರೆ ಬಗ್ಗುತ್ತದೆ, ಆದರೆ ತಳ ಮುಟ್ಟುವುದಿಲ್ಲ. ಉಳಿದ ಒಂದು ಪ್ರಶ್ನೆ: 6.3 ಮೀಟರ್ ಉದ್ದಕ್ಕೆ ನಡುವೆ ಕಾಂಕ್ರೀಟಿನಲ್ಲಿ ಒಂದು ಕಟ್ ಹಾಕಿಸಬೇಕಾ?

ತಂತಿಬಲೆ
ನಾನಾದರೆ ಮಾರನೇ ದಿನ ದಪ್ಪದ ಕಾಲು ಭಾಗ, 25 ಮಿಮೀ ಹಾಕಿಸುತ್ತೇನೆ. ಸರಿಯಾಗಿ ನಡುವೆ ಲ್ಯಾಪ್ ಇಲ್ಲ, ಮೇಲೆ 38 ಇದೆ, ಬ್ಲೇಡಿಗೆ ತಂತಿ ಸಿಗುವುದಿಲ್ಲ.

ಗಾರೆಬಾಂಡ್ಲಿ
ಮೆಶ್ ಹಾಕಿ ಆದಮೇಲೆ ಕಟ್ ಯಾಕೆ? ಒಂದು ವಾರ ಚೆನ್ನಾಗಿ ನೀರು ನಿಲ್ಲಿಸಿ, ಅಷ್ಟು ಸಾಕು.

ಬಿರುಕುಗೋಡೆ
ನಮ್ಮದಕ್ಕೆ ಕಟ್ ಇರಲಿಲ್ಲ. ಬಿರುಕು ಬಂದಿದ್ದು ಹೆಚ್ಚುಕಡಿಮೆ ನಟ್ಟನಡುವೆ.