ಸಹಾಯ ಬೇಕು: ರೊಟ್ಟಿ-ಹಿಂಡಿ ಜೋಡಿ ಪ್ಯಾಕೆಟ್, ರಿಯಾಯಿತಿ ಯಾರ ಪಾಲಿಗೆ?

ಅಣ್ಣಂದಿರೇ, ಅಕ್ಕಂದಿರೇ, ನಾನು ಕಲಬುರಗಿಯಲ್ಲಿ ಕಡಕ್ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಪಕ್ಕದ ಓಣಿಯ ಅಕ್ಕ ಶೇಂಗಾ ಹಿಂಡಿ ಮಾಡುತ್ತಾರೆ. ಇಬ್ಬರೂ ಸೇರಿ 3 ತಿಂಗಳು ಪ್ರಚಾರ ಮಾಡೋಣ ಅಂತ ಅವರಿಗೊಂದು ಪ್ರಸ್ತಾವ ಪತ್ರ ಬರೆಯುತ್ತಿದ್ದೇನೆ.

ಕೆಲಸ ಹಂಚಿದ್ದೇನೆ. ಪ್ಯಾಕಿಂಗ್, ಹಾಸ್ಟೆಲ್‌ಗಳಿಗೆ ತಲುಪಿಸುವುದು ನನ್ನದು. ಫೋಟೋ, ವಾಟ್ಸಾಪ್ ಆರ್ಡರ್ ಅವರದು. ಕರಪತ್ರದ ಖರ್ಚು ಅರ್ಧರ್ಧ. ನಾನು ಹಂಚುವ ಕರಪತ್ರಕ್ಕೆ ಕೆಂಪು ಮುದ್ರೆ, ಅವರದಕ್ಕೆ ನೀಲಿ. ಗಿರಾಕಿ ಅದನ್ನು ತೋರಿಸಿದರೆ ಯಾರ ಕಡೆಯಿಂದ ಬಂದರು ಅಂತ ಗೊತ್ತಾಗುತ್ತದೆ. ಹೋದ ವರ್ಷ ಬೇರೆಯವರ ಜೊತೆ ಬರೀ ಬಾಯಿಮಾತಲ್ಲಿ ಮಾಡಿ, ಈ ಲೆಕ್ಕವಿಲ್ಲದೆ ಜಗಳವಾಗಿತ್ತು. ಅದಕ್ಕೇ ಈ ಸಲ ಬರವಣಿಗೆ.

ಸಿಕ್ಕಿಬಿದ್ದಿರುವುದು ರಿಯಾಯಿತಿಯಲ್ಲಿ. 10 ರೊಟ್ಟಿಗೆ ₹100, ನನಗೆ ಉಳಿಯುವುದು ₹20. ಕಾಲು ಕಿಲೋ ಹಿಂಡಿಗೆ ₹80, ಅವರಿಗೆ ಉಳಿಯುವುದು ₹30 ಇರಬಹುದು. ಜೋಡಿ ಪ್ಯಾಕೆಟ್ ₹160ಕ್ಕೆ ಕೊಟ್ಟರೆ ₹20 ಕಡಿಮೆ. ಅದನ್ನು ಅರ್ಧರ್ಧ ಹೊತ್ತರೆ ನನ್ನ ಲಾಭದ ಅರ್ಧವೇ ಹೋಗುತ್ತದೆ, ಅವರದು ಮೂರರಲ್ಲೊಂದು ಪಾಲು. ಲಾಭದ ಪ್ರಕಾರ ಹಂಚಿದರೆ ನನಗೆ ₹8, ಅವರಿಗೆ ₹12. ಇದೇ ನ್ಯಾಯ ಅನಿಸುತ್ತದೆ. ಆದರೆ ಹಾಗೆ ಕೇಳಬೇಕೆಂದರೆ ಇಬ್ಬರೂ ಲಾಭ ಬಿಚ್ಚಿ ಹೇಳಬೇಕು ಅಲ್ವಾ? ನನ್ನದು ಹೇಳಲು ತೊಂದರೆಯಿಲ್ಲ. ಅಕ್ಕನ ಲೆಕ್ಕ ಕೇಳಲು ಸಂಕೋಚ, ಸ್ನೇಹ ಕೆಡಬಾರದು.

ಜೋಡಿ ಮಾರಾಟ ಮಾಡಿದವರು ಹೇಳಿ: ಈ 8-12ರ ಲೆಕ್ಕವನ್ನು ಮೊದಲ ಪತ್ರದಲ್ಲೇ ಬರೆಯಲೇ, ಅಥವಾ ಒಂದು ತಿಂಗಳು ಅರ್ಧರ್ಧ ನಡೆಸಿ ಆಮೇಲೆ ಕೇಳಲೇ?