ವಿದೇಶಕ್ಕೆ ಹೊರಟ ದಂಪತಿಗೆ ರಿಲೊಕೇಶನ್ ಜಾತಕ: ‘ಅಲ್ಲಿ ಕುಜ ಏಳಕ್ಕೆ ಬರುತ್ತಾನೆ’ ಅಂದಿದ್ದಾರೆ, ಅನುಭವ ಇದ್ದವರು ಹೇಳಿ

ಪ್ರಶ್ನೆ

ನಾನೂ ನನ್ನ ಗಂಡನೂ ಕೆಲಸಕ್ಕಾಗಿ ವಿದೇಶಕ್ಕೆ ಹೊರಟಿದ್ದೇವೆ. ಎರಡು ನಗರಗಳಲ್ಲಿ ಒಂದನ್ನು ಆರಿಸಬೇಕು. ಇಬ್ಬರೂ ಹುಟ್ಟಿದ್ದು ಒಂದೇ ಊರಲ್ಲಿ. ಮೊದಲ ನಗರ ಅಲ್ಲಿಂದ ರೇಖಾಂಶದಲ್ಲಿ 75 ಡಿಗ್ರಿ ಪಶ್ಚಿಮಕ್ಕಿದೆ, ಎರಡನೆಯದು 65 ಡಿಗ್ರಿ. ಎರಡೂ ಹೆಚ್ಚುಕಡಿಮೆ 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರಿಲೊಕೇಶನ್ ಜಾತಕ ನೋಡುವವರೊಬ್ಬರು, ಮೊದಲ ನಗರದಲ್ಲಿ ಇವರ ಕುಜ ಏಳನೇ ಮನೆಗೆ ಬರುತ್ತಾನೆ, ಜಗಳ ತಪ್ಪದು, ಎರಡನೆಯದಕ್ಕೇ ಹೋಗಿ ಅಂದರು. ಇವರದು ವೃಶ್ಚಿಕ ಲಗ್ನ, ಕುಜ ಮೀನದ 6 ಡಿಗ್ರಿ. ಸಮಯ ‘ಬೆಳಗ್ಗೆ ಎಂಟೂವರೆ ಸುಮಾರಿಗೆ’ ಅಂತ ಮನೆಯವರ ಮಾತು. ನನ್ನ ಸಮಯಕ್ಕೆ ಆಸ್ಪತ್ರೆಯ ದಾಖಲೆ ಇದೆ. ನನಗೆ ಏಳರಲ್ಲಿ ಶನಿ. ಹೀಗೆ ನೋಡಿಸಿಕೊಂಡು ಹೋದವರು ಇದ್ದೀರಾ?

ಪಂಚಾಂಗಪ್ರಿಯ

ಪ್ರಯಾಣಕ್ಕೆ ಮಂಗಳವಾರ ಬಿಡಿ ತಾಯಿ. ಇಬ್ಬರಿಗೂ ತಾರಾಬಲ ಇರುವ ದಿನ ನೋಡಿ ಹೊರಡಿ. ಹೊರಡುವ ಗಳಿಗೆ ಚೆನ್ನಾಗಿದ್ದರೆ ಹೋದ ಊರೂ ಚೆನ್ನಾಗಿರುತ್ತದೆ.

ಮಳೆಬಿಲ್ಲು

ನಾವು ಇದನ್ನು ನೋಡಿಸಿಕೊಂಡೇ ಹೋದವರು. ಊರು ಬದಲಾದರೆ ಜಾತಕವೇ ಬದಲಾಗುತ್ತದೆ. ಗ್ರಹಗಳ ಜಾಗ, ನಕ್ಷತ್ರ, ಒಬ್ಬರ ಗ್ರಹ ಇನ್ನೊಬ್ಬರದನ್ನು ನೋಡುವ ದೃಷ್ಟಿ, ಎಲ್ಲವೂ ಹೊಸದಾಗುತ್ತದೆ. ನಮ್ಮಿಬ್ಬರಿಗೂ ಶುಕ್ರ ಅನುಕೂಲವಾಗುವ ಊರು ಆರಿಸಿದೆವು, ನೆಮ್ಮದಿಯಾಗಿದ್ದೇವೆ. ಹೇಳಿದವರ ಮಾತು ಕೇಳಿ.

ದಿಗಂತ

ಮಳೆಬಿಲ್ಲು ಅವರೇ, ಅರ್ಧ ಸರಿ. ನಾನು ಬಹಳ ಕಾಲದಿಂದ ಈ ಲೆಕ್ಕ ಮಾಡುತ್ತಾ ಬಂದಿದ್ದೇನೆ, ಆದ್ದರಿಂದ ಇಲ್ಲಿ ನಿಧಾನವಾಗಿಯೇ ಹೇಳುತ್ತೇನೆ.

ರಿಲೊಕೇಶನ್‌ನಲ್ಲಿ ಹುಟ್ಟಿದ ಕ್ಷಣ ಹಾಗೆಯೇ ಇರುತ್ತದೆ. ಅದೇ ಕ್ಷಣದಲ್ಲಿ ಆ ದೂರದ ಊರಿನಲ್ಲಿ ನಿಂತು ಆಕಾಶ ನೋಡಿದ್ದರೆ ಹೇಗೆ ಕಾಣುತ್ತಿತ್ತು ಅನ್ನುವುದಷ್ಟೇ ಹೊಸ ಲೆಕ್ಕ. ಕ್ಷಣ ಬದಲಾಗದ ಮೇಲೆ ಗ್ರಹಗಳು ಇರುವ ರಾಶಿ, ಚಂದ್ರನ ನಕ್ಷತ್ರ ಯಾವುದೂ ಬದಲಾಗುವುದಿಲ್ಲ. ಗಂಡನ ಕುಜನಿಗೂ ಹೆಂಡತಿಯ ಶುಕ್ರನಿಗೂ ನಡುವೆ ಇರುವ ಅಂತರ ಯಾವ ದೇಶಕ್ಕೆ ಹೋದರೂ ಅಷ್ಟೇ. ಬದಲಾಗುವುದು ಲಗ್ನ, ನೆತ್ತಿಯ ಬಿಂದು, ಅವುಗಳಿಂದ ಎಣಿಸುವ ಮನೆಗಳು. ಹಾಗಾಗಿ ಈ ಪದ್ಧತಿ ತನ್ನ ನಿಯಮದ ಪ್ರಕಾರವೇ ನಿಮ್ಮಿಬ್ಬರ ಹೊಂದಾಣಿಕೆ ಹೊಸದಾಯಿತು ಅಂತ ಹೇಳಲಾರದು. ಹಳೆಯ ಹೊಂದಾಣಿಕೆ ಬದುಕಿನ ಯಾವ ಕೋಣೆಯಲ್ಲಿ ಎದ್ದು ಕಾಣುತ್ತದೆ ಅನ್ನುವುದಷ್ಟೇ ಅದರ ವಾದ.

ಇನ್ನು ನಿಮ್ಮ ಲೆಕ್ಕಕ್ಕೆ ಬರುತ್ತೇನೆ ಮೇಡಂ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 75 ಡಿಗ್ರಿ ಪಶ್ಚಿಮಕ್ಕೆ ಹೋದರೆ ಅಲ್ಲಿನ ಆಕಾಶ ನಿಮ್ಮ ಊರಿನದಕ್ಕಿಂತ ಐದು ಗಂಟೆ ಹಿಂದೆ ಇರುತ್ತದೆ. ನಿಮ್ಮ ಯಜಮಾನರು ಹುಟ್ಟಿದಾಗ ಕುಜ ಮುಳುಗಿ ಸುಮಾರು ಐದು ಗಂಟೆ ಕಳೆದಿತ್ತು. ಅದೇ ಕ್ಷಣದಲ್ಲಿ ಮೊದಲ ನಗರದಲ್ಲಿ ಅವನು ಆಗಷ್ಟೇ ಮುಳುಗುತ್ತಿದ್ದ. ಮುಳುಗುವ ಬಿಂದುವೇ ಏಳನೇ ಮನೆಯ ಬಾಗಿಲು. ಆ ನಗರದಲ್ಲಿ ಲಗ್ನ ಕನ್ಯೆಯ 6 ಡಿಗ್ರಿ, ಎದುರಿಗೆ ಮೀನದ 6ರಲ್ಲಿ ಕುಜ. ನಿಮ್ಮ ಜ್ಯೋತಿಷಿ ಲೆಕ್ಕ ತಪ್ಪಿಲ್ಲ.

ಆದರೆ ಎರಡನೇ ನಗರ ಸುರಕ್ಷಿತ ಅಂದದ್ದು ಗೆರೆಯ ಪದ್ಧತಿ. ಅಮೆರಿಕದ ಜಿಮ್ ಲೂಯಿಸ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಭೂಪಟದ ಜ್ಯೋತಿಷ್ಯ ಇದು. ಹುಟ್ಟಿದ ಕ್ಷಣದಲ್ಲಿ ಒಂದು ಗ್ರಹ ಎಲ್ಲೆಲ್ಲಿ ಮುಳುಗುತ್ತಿತ್ತೋ ಆ ಜಾಗಗಳನ್ನು ಸೇರಿಸಿ ಭೂಪಟದ ಮೇಲೆ ಗೆರೆ ಎಳೆಯುತ್ತಾರೆ. ಕುಜ ಮುಳುಗುವ ಗೆರೆಯಿಂದ ಆ ನಗರ 10 ಡಿಗ್ರಿ, ಅಂದರೆ ಆ ಅಕ್ಷಾಂಶದಲ್ಲಿ ಸುಮಾರು 700 ಕಿಲೋಮೀಟರ್ ದೂರ. ಲಗ್ನ ಇರುವ ಇಡೀ ರಾಶಿಯನ್ನೇ ಒಂದನೇ ಮನೆ ಅಂತ ಹಿಡಿಯುವ ನಮ್ಮ ರಾಶಿ ಪದ್ಧತಿಯಲ್ಲಿ ಎಣಿಸಿದರೆ ಕಥೆ ಬೇರೆ. 50 ಡಿಗ್ರಿ ಅಕ್ಷಾಂಶದಲ್ಲಿ ಕನ್ಯೆ ಲಗ್ನ ರೇಖಾಂಶದ 40 ಡಿಗ್ರಿಯಷ್ಟು ಅಗಲಕ್ಕೆ ಹರಡಿರುತ್ತದೆ. ಎರಡನೇ ನಗರವೂ ಅದರೊಳಗೇ ಬರುತ್ತದೆ, ಅಲ್ಲೂ ಕುಜ ಏಳರಲ್ಲೇ! ಒಂದು ಪದ್ಧತಿಯಲ್ಲಿ ಒಂದು ಊರು ಬೇಡ, ಇನ್ನೊಂದರಲ್ಲಿ ಎರಡೂ ಒಂದೇ. ಅವರು ಯಾವುದನ್ನು ಹಿಡಿದು ಹೇಳಿದರು ಅಂತ ಕೇಳಿ.

ನಿಮ್ಮ ಶನಿಯ ಬಗ್ಗೆ ಅವರು ಏನೂ ಹೇಳಿದಂತಿಲ್ಲ, ಅದು ನನಗೆ ಬೇಸರದ ಸಂಗತಿ. ಹುಟ್ಟಿದಾಗ ಅವನು ಮುಳುಗಲು ಒಂದು ಗಂಟೆ ಇದ್ದಿದ್ದರೆ ಮೊದಲ ನಗರದಲ್ಲಿ ನೆತ್ತಿಗೆ ಬರುತ್ತಾನೆ, ದಾಂಪತ್ಯದ ಮನೆ ಬಿಟ್ಟು ಉದ್ಯೋಗಕ್ಕೆ. ಈ ಪದ್ಧತಿಯಲ್ಲಿ ಅದನ್ನು ‘ಸಂಬಂಧದ ಭಾರ ಕೆಲಸದ ಮೇಲೆ ಬಿತ್ತು’ ಎಂದು ಓದುತ್ತಾರೆ. ಇಬ್ಬರ ಜಾತಕ ಕೈಯಲ್ಲಿಟ್ಟುಕೊಂಡು ಒಬ್ಬರ ಒಂದು ಗ್ರಹದ ಮೇಲೆ ತೀರ್ಪು ಕೊಡಬಾರದು.

ಕಲ್ಲುಸಕ್ಕರೆ

ನಾನು ನಂಬುವವನಲ್ಲ, ಆದರೂ ಎರಡು ಮಾತು. ಒಬ್ಬರಿಗೆ ಹತ್ತು ಗ್ರಹ, ಪ್ರತಿಯೊಂದಕ್ಕೂ ಹುಟ್ಟುವ, ಮುಳುಗುವ, ನೆತ್ತಿಯ, ಪಾತಾಳದ ನಾಲ್ಕು ಗೆರೆ. ಇಬ್ಬರಿಗೆ 80 ಗೆರೆ ಆಯಿತು. 360 ಡಿಗ್ರಿಯಲ್ಲಿ ಹಂಚಿದರೆ ಸರಾಸರಿ ನಾಲ್ಕೂವರೆ ಡಿಗ್ರಿಗೊಂದು. ಎಡಬಲ ಐದೈದು ಡಿಗ್ರಿ ಲೆಕ್ಕಕ್ಕೆ ಹಿಡಿದರೆ ಯಾವ ಊರಿಗೆ ಬೆರಳಿಟ್ಟರೂ ಸರಾಸರಿ ಎರಡು ಗೆರೆಯಾದರೂ ಸಿಗುತ್ತವೆ. ಏನೂ ಇಲ್ಲದ ಊರು ಅಪರೂಪ. ಮೇಲಾಗಿ ಪಾಶ್ಚಾತ್ಯರದು ವಿಷುವ ಬಿಂದುವಿನಿಂದ ರಾಶಿ ಎಣಿಸುವ ಸಾಯನ, ನಮ್ಮದು ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯನ. 24 ಡಿಗ್ರಿ ವ್ಯತ್ಯಾಸ. ಗೆರೆಗಳೇ ಬೇರೆ ಕಡೆ ಹೋಗುತ್ತವೆ, ಹಾಗಾಗಿ ನಮ್ಮವರಿಗೆ ಅನ್ವಯಿಸುವುದೇ ಇಲ್ಲ.

2007ರಲ್ಲಿ ಡೇವಿಡ್ ವೋವಾಸ್ ಎಂಬ ಸಮಾಜ ವಿಜ್ಞಾನಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಿಂದ ಒಂದು ಕೋಟಿ ದಂಪತಿಗಳನ್ನು ತೆಗೆದು ನೋಡಿದರು. ಯಾವ ರಾಶಿಯವರು ಯಾವ ರಾಶಿಯವರನ್ನು ಮದುವೆಯಾಗುತ್ತಾರೆ ಅನ್ನುವುದರಲ್ಲಿ ರಾಶಿಯ ಪ್ರಭಾವ ಏನೂ ಸಿಗಲಿಲ್ಲ. ಮುಗಿಯಿತಲ್ಲ?

ದಿಗಂತ

ಗೆರೆಗಳ ಎಣಿಕೆ ಒಪ್ಪುತ್ತೇನೆ, ತುಂಬಾ ಸರಿಯಾದ ಮಾತು. ವರದಿಯಲ್ಲಿ ಏನಾದರೂ ಕಂಡಿತು ಎಂಬುದೇ ಸುದ್ದಿಯಲ್ಲ. ಏನೂ ಕಾಣದಿದ್ದರೆ ಆಶ್ಚರ್ಯ. ಆದರೆ ಸಾಯನ-ನಿರಯನದ ಮಾತು ಸರಿಯಲ್ಲ. ಕುಜ ನಿಜವಾಗಿ ಎಲ್ಲಿ ಮುಳುಗುತ್ತಿದ್ದ ಅನ್ನುವುದು ಆಕಾಶದ ಸಂಗತಿ. ಅವನು ಇದ್ದ ಜಾಗವನ್ನು ನಾವು ಮೀನದ 6 ಅಂದರೂ ಅವರು ಮೇಷದ ಆರಂಭ ಅಂದರೂ ಗೆರೆ ಅಲ್ಲೇ. ವ್ಯತ್ಯಾಸ ಬರುವುದು ರಾಶಿ ಹಿಡಿದು ಮನೆ ಎಣಿಸುವಾಗ.

ವೋವಾಸ್ ಅವರ ಅಧ್ಯಯನ ಸೂರ್ಯರಾಶಿಯದು. ಯಾರು ಯಾರನ್ನು ಕೈಹಿಡಿದರು ಅನ್ನುವುದು ಅಲ್ಲಿನ ಪ್ರಶ್ನೆ, ಊರು ಬದಲಿಸಿದ ಮೇಲೆ ಹೇಗಿದ್ದರು ಅನ್ನುವುದಲ್ಲ. ಅದನ್ನು ಇಲ್ಲಿಗೆ ನೇರವಾಗಿ ಎಳೆಯುವುದು ನ್ಯಾಯವಲ್ಲ.

ಹೊಸಿಲು

ನಮ್ಮ ಕಥೆ ಹೇಳುತ್ತೇನೆ. ನಾವು ಹೋದ ಊರು ನನ್ನ ಶುಕ್ರ ಮುಳುಗುವ ಗೆರೆಗೆ ಅಂಟಿಕೊಂಡಂತೆ ಇತ್ತು. ‘ಮದುವೆ ಹೊಸದಾಗುತ್ತದೆ’ ಅಂದಿದ್ದರು. ಆದದ್ದೇ ಬೇರೆ. ನನ್ನ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇರಲಿಲ್ಲ. ದಿನವಿಡೀ ಮನೆಯಲ್ಲಿ ಒಬ್ಬಳೇ. ಇವರು ಬಂದ ತಕ್ಷಣ ನನಗೆ ಮಾತಾಡಬೇಕು, ಇವರಿಗೆ ಸುಮ್ಮನಿರಬೇಕು. ಜಗಳವಾದಾಗಲೆಲ್ಲ ‘ಶುಕ್ರ ಇದ್ದೂ ಹೀಗಾ, ಹಾಗಾದರೆ ನಮ್ಮಲ್ಲೇ ಏನೋ ಕೆಟ್ಟಿದೆ’ ಅನ್ನಿಸುತ್ತಿತ್ತು. ಅದು ಜಗಳಕ್ಕಿಂತ ಜಾಸ್ತಿ ನೋಯಿಸಿತು. ಆಮೇಲೆ ನನಗೂ ಕೆಲಸ ಸಿಗುವ ಇನ್ನೊಂದು ದೇಶಕ್ಕೆ ಹೋದೆವು. ಅಲ್ಲಿ ಲಗ್ನಕ್ಕೇ ಶನಿ, ಆದರೂ ಅಲ್ಲೇ ನಾವು ಚೆನ್ನಾಗಿದ್ದದ್ದು. ಮೇಡಂ, ಎರಡು ನಗರಗಳಲ್ಲಿ ನಿಮ್ಮಿಬ್ಬರಿಗೂ ಕೆಲಸದ ಅನುಮತಿ ಎಲ್ಲಿ ಸಿಗುತ್ತದೆ ಅಂತ ಮೊದಲು ನೋಡಿ. ಕುಜ ಬರುತ್ತಾನೆ ಅಂತ ತಲೆಯಲ್ಲಿ ಇಟ್ಟುಕೊಂಡು ಹೋದರೆ ಮೊದಲ ಸಿಟ್ಟಿಗೇ ಅವನ ಹೆಸರು ಬರುತ್ತದೆ.

ಮಳೆಬಿಲ್ಲು

ಗ್ರಹಗಳು ಬದಲಾಗುವುದಿಲ್ಲ ಅಂದದ್ದು ಗೊತ್ತಾಯಿತು, ಧನ್ಯವಾದ. ಆದರೆ ಹೊಸಿಲು ಅವರ ಶುಕ್ರ ಹುಟ್ಟುಜಾತಕದಲ್ಲೇ ದುರ್ಬಲ ಇದ್ದಿರಬಹುದು. ಮೂಲದಲ್ಲಿ ಇಲ್ಲದ್ದನ್ನು ಊರು ಕೊಡುವುದಿಲ್ಲ ಅಂತ ನಮ್ಮವರು ಹೇಳಿದ್ದರು.

ಕಲ್ಲುಸಕ್ಕರೆ

ಹಾಗಂದರೆ ಯಾವ ಫಲ ಬಂದರೂ ಉತ್ತರ ಸಿದ್ಧವಾಗಿರುತ್ತದಲ್ಲ. ಏನಾದರೆ ಈ ಪದ್ಧತಿ ತಪ್ಪು ಅಂತ ಒಪ್ಪುತ್ತೀರಿ?

ದಿಗಂತ

ಮೂಲ ಜಾತಕ ಮೊದಲು ಅನ್ನುವ ನಿಯಮ ನಿಜವಾಗಿ ಇದೆ, ಈಗ ಹುಟ್ಟಿಸಿದ್ದಲ್ಲ. ಆದರೆ ಹೋಗುವ ಮುಂಚೆ ಹೇಳಿದರೆ ಅದು ನಿಯಮ, ಹೋಗಿ ಬಂದ ಮೇಲೆ ಹೇಳಿದರೆ ಸಮಜಾಯಿಷಿ. ಕಲ್ಲುಸಕ್ಕರೆ ಅವರ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ನನ್ನಲ್ಲಿಲ್ಲ.

ಮೇಡಂ, ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಮಯದಲ್ಲಿ ನಾಲ್ಕು ನಿಮಿಷ ತಪ್ಪಿದರೆ ಗೆರೆ ಒಂದು ಡಿಗ್ರಿ ಸರಿಯುತ್ತದೆ. ಸಮಯ ಹಿಂದಾದರೆ ಪೂರ್ವಕ್ಕೆ, ಮುಂದಾದರೆ ಪಶ್ಚಿಮಕ್ಕೆ. ಎಂಟೂವರೆ ಅನ್ನುವುದು ನಿಜಕ್ಕೂ 8:10 ಆಗಿದ್ದರೆ ಕುಜನ ಗೆರೆ ಐದು ಡಿಗ್ರಿ ಸರಿದು ಎರಡು ನಗರಗಳ ನಡುವೆ ಬಂದು ನಿಲ್ಲುತ್ತದೆ. ಜ್ಯೋತಿಷಿಯವರಿಗೆ 7:50, 8:10, 8:30, 8:50 ನಾಲ್ಕನ್ನೂ ಕೊಟ್ಟು ನೋಡಿ. ನಾಲ್ಕಕ್ಕೂ ಅದೇ ಊರು ಬೇಡ ಅಂದರೆ ಯಾಕೆ ಅಂತ ಕೇಳಿ. ಉತ್ತರ ಬದಲಾದರೆ, ಮೊದಲು ಹೇಳಿದ್ದು ಕುಜನ ಮೇಲೆ ನಿಂತಿರಲಿಲ್ಲ, ಗಡಿಯಾರದ ಮೇಲೆ ನಿಂತಿತ್ತು ಅಂತಾಯಿತು.

ಮಳೆಬಿಲ್ಲು

ಜೀವನದ ಘಟನೆಗಳನ್ನು ಹಿಡಿದು ಜನನ ಸಮಯ ತಿದ್ದುವ ವಿಧಾನ ಇದೆಯಲ್ಲ? ಮದುವೆ, ಮೊದಲ ಕೆಲಸದ ದಿನಾಂಕ ಕೊಟ್ಟರೆ ಸಾಕು.

ದಿಗಂತ

ಇದೆ, ನಾನೂ ಮಾಡುತ್ತೇನೆ. ಒಂದೇ ಜಾತಕವನ್ನು ಇಬ್ಬರು ಒಳ್ಳೆಯ ಜ್ಯೋತಿಷಿಗಳು ತಿದ್ದಿ ಇಪ್ಪತ್ತು ನಿಮಿಷ ಅಂತರದ ಸಮಯ ಕೊಟ್ಟದ್ದನ್ನೂ ನೋಡಿದ್ದೇನೆ. ರಾಶಿಫಲಕ್ಕೆ ಅಷ್ಟು ಸಾಕಾಗಬಹುದು, ಊರು ಆರಿಸುವುದಕ್ಕೆ ಸಾಲದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅತ್ತೆಯವರಿಗೆ ಫೋನ್ ಮಾಡಿದೆ. ಎಂಟೂವರೆ ಅಂದದ್ದು ಮಗುವನ್ನು ಹೊರಗೆ ತಂದು ತೋರಿಸಿದ ಹೊತ್ತಂತೆ. ಹುಟ್ಟಿದ್ದು ಎಂಟಕ್ಕೆ ಮುಂಚೆಯೇ ಇರಬೇಕು ಅಂದರು. 7:50 ಆದರೆ?

ಕೆಲಸದ ಅನುಮತಿ ಇಬ್ಬರಿಗೂ ಸಿಗುವುದು ಮೊದಲ ನಗರದಲ್ಲಿ ಮಾತ್ರ.

ದಿಗಂತ

7:50 ಆದರೆ ಕುಜನ ಗೆರೆ ಹತ್ತು ಡಿಗ್ರಿ ಪೂರ್ವಕ್ಕೆ ಬಂದು ಎರಡನೇ ನಗರದ ಮೇಲೆಯೇ ಬೀಳುತ್ತದೆ. ರಾಶಿ ಲೆಕ್ಕದಲ್ಲೂ ಮೊದಲ ನಗರದ ಲಗ್ನ ಸಿಂಹ-ಕನ್ಯೆಯ ಗಡಿಗೆ ಬಂದುಬಿಡುತ್ತದೆ. ‘ಎಂಟಕ್ಕೆ ಮುಂಚೆ’ ಅನ್ನುವುದರಿಂದ ಅದಕ್ಕಿಂತ ಹೆಚ್ಚು ಹೇಳಲು ಆಗದು.